ಬೇಸರ ತಂದವರು ಯಾರು, ಬೇಸರಪಟ್ಟವರು ಯಾರು?

ಪ್ರಶ್ನೆ: ಸರ್, ನಾನು ಎಫ್‌ಡಿಎ ಪರೀಕ್ಷೆಗೆ ಓದ್ತಾ ಇದೀನಿ. ಇಂಗ್ಲಿಷ್ ಖಾಲಿ ಜಾಗ ತುಂಬುವಾಗ ಬೋರ್ಡ್, ಬೋರಿಂಗ್, ಇಂಟರೆಸ್ಟೆಡ್, ಇಂಟರೆಸ್ಟಿಂಗ್ ಇವುಗಳಲ್ಲಿ ಯಾವುದು ಹಾಕಬೇಕು ಅಂತ ಪ್ರತಿ ಸಲ ಗೊಂದಲ. ಮನುಷ್ಯರಿಗೆ ಇ-ಡಿ, ವಸ್ತುಗಳಿಗೆ ಐ-ಎನ್-ಜಿ ಅಂತ ಕೋಚಿಂಗ್‌ನಲ್ಲಿ ಹೇಳಿಕೊಟ್ಟಿದ್ರು. ಮೊನ್ನೆ ಟೆಸ್ಟ್‌ನಲ್ಲಿ ‘ಹಿ ಈಸ್ ಎ ____ ಸ್ಪೀಕರ್, ಎವ್ರಿಒನ್ ಫೆಲ್ ಅಸ್ಲೀಪ್’ ಅಂತ ಇತ್ತು. ಸ್ಪೀಕರ್ ಮನುಷ್ಯ ತಾನೇ ಅಂತ ಬೋರ್ಡ್ ಬರೆದೆ, ತಪ್ಪಾಯ್ತು. ಯಾಕೆ?

ಉತ್ತರ: ಕೋಚಿಂಗ್‌ನವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅದು ಅಡ್ಡದಾರಿ. ಬೇಸರ, ಆಸಕ್ತಿ, ಗಾಬರಿ ಹುಟ್ಟುವುದು ಜೀವ ಇರುವವರಲ್ಲಿ. ಸಿನಿಮಾಕ್ಕೆ ಬೇಸರ ಬರುವುದಿಲ್ಲ, ಬಸ್ ಪ್ರಯಾಣಕ್ಕೆ ದಣಿವಾಗುವುದಿಲ್ಲ. ಹಾಗಾಗಿ ಸಿನಿಮಾ ಬೋರಿಂಗ್, ನೋಡಿದವರು ಬೋರ್ಡ್ ಎಂಬ ಲೆಕ್ಕ ಬಹಳ ಕಡೆ ಸರಿಹೋಗುತ್ತದೆ. ಆದರೆ ಬೇಸರ ತರಿಸುವ ಕೆಲಸವನ್ನು ವಸ್ತುಗಳಷ್ಟೇ ಮಾಡುತ್ತವೆಯೇ? ಆರತಕ್ಷತೆಯಲ್ಲಿ ಮೈಕು ಸಿಕ್ಕರೆ ಬಿಡದ ಸೋದರಮಾವಂದಿರು ಎಲ್ಲರ ಮನೆಯಲ್ಲೂ ಇದ್ದಾರೆ. ನಿಮ್ಮ ವಾಕ್ಯದ ಭಾಷಣಕಾರ ಅಂಥವನೇ. ಅವನಿಗೆ ಬೇಸರವಾಗಿರಲಿಲ್ಲ, ಅವನು ಸಭೆಗೆ ಬೇಸರ ತರಿಸುತ್ತಿದ್ದ. ನಿದ್ದೆ ಹೋದವರು ಬೋರ್ಡ್, ನಿದ್ದೆ ಬರಿಸಿದವನು ಬೋರಿಂಗ್.

ಆದ್ದರಿಂದ ಖಾಲಿ ಜಾಗದ ಪಕ್ಕದಲ್ಲಿರುವುದು ಮನುಷ್ಯನೋ ವಸ್ತುವೋ ಎಂದು ನೋಡಬೇಡಿ. ಆ ಭಾವನೆಯನ್ನು ಅದು ಕೊಡುತ್ತಿದೆಯೋ, ಪಡೆಯುತ್ತಿದೆಯೋ ಎಂದು ನೋಡಿ. ಕೊಡುವವರಿಗೆ ಐ-ಎನ್-ಜಿ, ಪಡೆಯುವವರಿಗೆ ಇ-ಡಿ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನಿಯಮ ಬಾಯಿಪಾಠ ಇದ್ದವರೂ ಪರೀಕ್ಷೆಯಲ್ಲಿ ತಪ್ಪು ಮಾಡುವುದನ್ನು ತರಗತಿಗಳಲ್ಲಿ ತುಂಬಾ ನೋಡಿದ್ದೇನೆ. ಅದಕ್ಕೆ ಕಾರಣ ನಮ್ಮ ಕನ್ನಡದ ಒಂದು ಅಭ್ಯಾಸದಲ್ಲಿದೆ. ಪರಿಹಾರವೂ ಕನ್ನಡದಲ್ಲೇ ಇದೆ.

ನಾವು ‘ಹೆದರು’ ಎನ್ನುತ್ತೇವೆ. ಇನ್ನೊಬ್ಬರಲ್ಲಿ ಹೆದರಿಕೆ ಹುಟ್ಟಿಸಿದರೆ ಅದಕ್ಕೆ ‘ಇಸು’ ಸೇರಿಸಿ ‘ಹೆದರಿಸು’ ಎನ್ನುತ್ತೇವೆ. ದಣಿ, ದಣಿಸು. ಬೇಸರಗೊಳ್ಳು, ಬೇಸರಗೊಳಿಸು. ಅಚ್ಚರಿಪಡು, ಅಚ್ಚರಿಪಡಿಸು. ಅಂದರೆ ನಮ್ಮಲ್ಲಿ ಅನುಭವಿಸುವುದು ಮೂಲ ಪದ, ಅನುಭವಿಸುವಂತೆ ಮಾಡುವುದು ಅದರ ಮೇಲೆ ಕಟ್ಟಿದ ಪದ. ಇಂಗ್ಲಿಷಿನ ಈ ಗುಂಪಿನ ಕ್ರಿಯಾಪದಗಳು ಸರಿಯಾಗಿ ತಿರುಗುಮುರುಗು. ‘ಬೋರ್’ ಎಂದರೆ ಬೇಸರಗೊಳ್ಳು ಅಲ್ಲ, ಬೇಸರಗೊಳಿಸು. ‘ಫ್ರೈಟನ್’ ಎಂದರೆ ಹೆದರು ಅಲ್ಲ, ಹೆದರಿಸು. ‘ಸರ್ಪ್ರೈಸ್’ ಎಂದರೆ ಅಚ್ಚರಿಪಡಿಸು, ‘ಕನ್‌ಫ್ಯೂಸ್’ ಎಂದರೆ ಗೊಂದಲಗೊಳಿಸು, ‘ಇಂಟರೆಸ್ಟ್’ ಎಂದರೆ ಆಸಕ್ತಿ ಹುಟ್ಟಿಸು. ಇಸು ಪ್ರತ್ಯಯ ಈ ಪದಗಳ ಹೊಟ್ಟೆಯೊಳಗೇ ಕೂತಿದೆ.

ಹೀಗಾಗಿ ಅವುಗಳಿಗೆ ಐ-ಎನ್-ಜಿ ಸೇರಿಸಿದರೆ ‘ಹೆದರಿಸುವ’, ‘ದಣಿಸುವ’, ‘ಬೇಸರಗೊಳಿಸುವ’ ಎಂದಾಗುತ್ತದೆ. ಹಾಗಾದರೆ ‘ಹೆದರಿದ’, ‘ದಣಿದ’, ‘ಬೇಸರಗೊಂಡ’ ಎನ್ನಲು ಇಂಗ್ಲಿಷಿನವನು ಏನು ಮಾಡಬೇಕು? ಈ ಗುಂಪಿನ ಪದಗಳಿಗೆ ಜೋಡಿಯಾಗಿ ಅನುಭವಿಸುವ ಕ್ರಿಯಾಪದ ಅವನ ಹತ್ತಿರ ಸಾಮಾನ್ಯವಾಗಿ ಇಲ್ಲ. ಅದಕ್ಕೇ ಕರ್ಮಣಿಯ ದಾರಿ ಹಿಡಿದು ‘ಬೇಸರಗೊಳಿಸಲ್ಪಟ್ಟವನು’ ಎಂಬ ಅರ್ಥದಲ್ಲಿ ಬೋರ್ಡ್ ಎನ್ನುತ್ತಾನೆ. ಇಲ್ಲಿನ ಇ-ಡಿ ಭೂತಕಾಲದ್ದಲ್ಲ, ಕರ್ಮಣಿಯದ್ದು. ‘ಐ ಆಮ್ ಬೋರ್ಡ್ ನೌ’ ಎಂದಾಗ ಬೇಸರ ಈ ಕ್ಷಣದ್ದು. ‘ಟುಮಾರೋ ಯು ವಿಲ್ ಬಿ ಬೋರ್ಡ್’ ಎಂದರೆ ನಾಳೆಯದು. ಕಾಲಕ್ಕೂ ಈ ಇ-ಡಿಗೂ ಸಂಬಂಧವಿಲ್ಲ.

ಇನ್ನು ನಮ್ಮ ತಪ್ಪು ಎಲ್ಲಿ ಹುಟ್ಟುತ್ತದೆ ನೋಡಿ. ನಾವು ಮನೆಯಲ್ಲಿ ‘ನನಗೆ ಬೋರ್ ಆಗ್ತಾ ಇದೆ’ ಎನ್ನುತ್ತೇವೆ. ‘ಆಗ್ತಾ ಇದೆ’ ಎಂದರೆ ನಡೆಯುತ್ತಿರುವ ಕ್ರಿಯೆ, ನಡೆಯುತ್ತಿರುವ ಕ್ರಿಯೆಗೆ ಐ-ಎನ್-ಜಿ ಎಂದು ಐದನೇ ತರಗತಿಯಿಂದ ಕಲಿತಿದ್ದೇವೆ. ಎರಡನ್ನೂ ಕೂಡಿಸಿದರೆ ‘ಐ ಆಮ್ ಬೋರಿಂಗ್’ ಹೊರಬರುತ್ತದೆ. ಕೇಳಿದವರಿಗೆ ಅದರ ಅರ್ಥ, ‘ನಾನು ಇತರರಿಗೆ ಬೇಸರ ಹುಟ್ಟಿಸುವ ಮನುಷ್ಯ’ ಎಂದು. ಪಾಪ, ಸಂದರ್ಶನದಲ್ಲಿ ಕೂತು ‘ಐ ಆಮ್ ವೆರಿ ಇಂಟರೆಸ್ಟಿಂಗ್ ಇನ್ ದಿಸ್ ಜಾಬ್’ ಎನ್ನುವ ಹುಡುಗರೂ ಇದೇ ದಾರಿಯಲ್ಲಿ ಬಂದವರು. ಉತ್ತರ ಕರ್ನಾಟಕದ ಕೆಲವು ಊರುಗಳಲ್ಲಿ ಬೋರಿಂಗ್ ಎಂದರೆ ಕೈಪಂಪು. ಅಲ್ಲಿಯ ಮಕ್ಕಳಿಗೆ ನಾನು ತಮಾಷೆಗೆ, ‘ಐ ಆಮ್ ಬೋರಿಂಗ್ ಅಂದ್ರೆ ನೀ ನೀರು ಕೊಡಬೇಕಾಗ್ತದ’ ಎನ್ನುತ್ತಿದ್ದೆ.

ಇದಕ್ಕೆ ಇನ್ನೊಂದು ಪಾಠವೂ ತುಪ್ಪ ಸುರಿಯುತ್ತದೆ. ‘ಬಾಯ್ಲಿಂಗ್ ವಾಟರ್’ ಎಂದರೆ ಕುದಿಯುತ್ತಿರುವ ನೀರು, ‘ಬಾಯ್ಲ್ಡ್ ವಾಟರ್’ ಎಂದರೆ ಕುದಿಸಿದ ನೀರು. ‘ಫಾಲಿಂಗ್ ಲೀವ್ಸ್’ ಉದುರುತ್ತಿರುವ ಎಲೆಗಳು, ‘ಫಾಲನ್ ಲೀವ್ಸ್’ ಉದುರಿದ ಎಲೆಗಳು. ಇಲ್ಲಿ ನಡೆಯುತ್ತಿದೆಯೋ ಮುಗಿದಿದೆಯೋ ಎಂಬ ಲೆಕ್ಕ ಸರಿಯಾಗಿಯೇ ಕೆಲಸ ಮಾಡುತ್ತದೆ. ಮೊದಮೊದಲು ನಾನೂ ಈ ನೀರು, ಎಲೆಗಳ ಉದಾಹರಣೆ ಕೊಟ್ಟು, ಅದೇ ಉಸಿರಿನಲ್ಲಿ ಬೋರ್ಡ್, ಬೋರಿಂಗ್ ಹೇಳಿಬಿಡುತ್ತಿದ್ದೆ. ಮರುವಾರದ ಉತ್ತರ ಪತ್ರಿಕೆ ನೋಡಿದಾಗ ನನ್ನ ತಪ್ಪು ತಿಳಿಯಿತು. ಮಕ್ಕಳು ನೆನ್ನೆಯ ಸಿನಿಮಾಕ್ಕೆ ಬೋರ್ಡ್, ಇವತ್ತಿನ ಸಿನಿಮಾಕ್ಕೆ ಬೋರಿಂಗ್ ಎಂದು ಬರೆದಿದ್ದರು. ಭಾವನೆಯ ಪದಗಳಿಗೆ ಆ ಕಾಲದ ಲೆಕ್ಕ ತರಬಾರದು. ಎರಡು ಪಾಠಗಳನ್ನೂ ಬೇರೆ ಬೇರೆ ದಿನ ಮಾಡುವುದೇ ಒಳ್ಳೆಯದು.

ಪರೀಕ್ಷೆಯಲ್ಲಿ ಮಾಡಬೇಕಾದ್ದು ಇಷ್ಟು. ಕೊಟ್ಟ ಕ್ರಿಯಾಪದವನ್ನು ಇಟ್ಟುಕೊಂಡು ಮನಸ್ಸಿನಲ್ಲೇ ಒಂದು ಚಿಕ್ಕ ವಾಕ್ಯ ಕಟ್ಟಿ: ಯಾವುದು ಯಾರನ್ನು ಬೇಸರಗೊಳಿಸಿತು? ‘ದ ಲೆಕ್ಚರ್ ಬೋರ್ಡ್ ದ ಸ್ಟೂಡೆಂಟ್ಸ್.’ ಕರ್ತೃವಿನ ಜಾಗದಲ್ಲಿ ನಿಂತ ಲೆಕ್ಚರ್‌ಗೆ ಐ-ಎನ್-ಜಿ, ಕರ್ಮದ ಜಾಗದಲ್ಲಿ ನಿಂತ ವಿದ್ಯಾರ್ಥಿಗಳಿಗೆ ಇ-ಡಿ. ಖಾಲಿ ಜಾಗ ಇವರಿಬ್ಬರಲ್ಲಿ ಯಾರನ್ನು ವರ್ಣಿಸುತ್ತಿದೆ ಎಂದು ನೋಡಿದರೆ ಉತ್ತರ ಸಿಕ್ಕಿತು. ಇಂಗ್ಲಿಷಿನಲ್ಲಿ ವಾಕ್ಯ ಕಟ್ಟುವುದು ಕಷ್ಟವಾದರೆ ಖಾಲಿ ಜಾಗದಲ್ಲಿ ಕನ್ನಡ ಪದವನ್ನೇ ಇಟ್ಟು ಓದಿ. ‘ಗೊಂಡ’ ಒಪ್ಪಿದರೆ ಇ-ಡಿ, ‘ಗೊಳಿಸುವ’ ಒಪ್ಪಿದರೆ ಐ-ಎನ್-ಜಿ. ಗೊಂದಲಗೊಂಡ ಹುಡುಗ, ಗೊಂದಲಗೊಳಿಸುವ ಪ್ರಶ್ನೆ. ನಿರಾಶೆಗೊಂಡ ರೈತ, ನಿರಾಶೆಗೊಳಿಸುವ ಫಲಿತಾಂಶ. ‘ನನಗೆ ಬೋರ್ ಆಗ್ತಿದೆ’ ಎಂಬ ಮಾತಿನ ಧಾಟಿಯಲ್ಲಿ ಯೋಚಿಸಿದರೆ ದಾರಿ ತಪ್ಪುತ್ತದೆ. ಗೊಂಡ, ಗೊಳಿಸುವ ಎಂಬ ಬರಹದ ಧಾಟಿಯಲ್ಲಿ ಯೋಚಿಸಿದರೆ ತಪ್ಪುವುದಿಲ್ಲ.

ಮನುಷ್ಯ, ವಸ್ತು ಎಂಬ ಸೂತ್ರ ಕೈಕೊಡುವ ಜಾಗಗಳಲ್ಲಿ ಇದನ್ನು ಪರೀಕ್ಷಿಸಿ ನೋಡೋಣ. ‘ದ ____ ಡಾಗ್ ಹಿಡ್ ಅಂಡರ್ ದ ಟೇಬಲ್’ ಎಂದಿದೆ, ಫ್ರೈಟನ್ ಕ್ರಿಯಾಪದ. ನಾಯಿಯನ್ನು ಮನುಷ್ಯರ ಕಡೆ ಸೇರಿಸಬೇಕೋ ವಸ್ತುಗಳ ಕಡೆಗೋ ಎಂದು ಜಗಳ ಬೇಡ. ಮೇಜಿನ ಕೆಳಗೆ ಅಡಗಿದ್ದು ಹೆದರಿದ ನಾಯಿ, ಆದ್ದರಿಂದ ಫ್ರೈಟನ್ಡ್. ಅದೇ ನಾಯಿ ಹಲ್ಲು ಕಿರಿದು ನಮ್ಮನ್ನು ಅಟ್ಟಿಸಿಕೊಂಡು ಬಂದರೆ ಹೆದರಿಸುವ ನಾಯಿ, ಫ್ರೈಟನಿಂಗ್.

ಇದಕ್ಕಿಂತ ಸೂಕ್ಷ್ಮವಾದದ್ದು ಮುಖ, ದನಿ, ನೋಟಗಳ ವಿಷಯ. ‘ಎ ವರೀಡ್ ಲುಕ್’, ‘ಎ ಬೋರ್ಡ್ ವಾಯ್ಸ್’, ‘ಎ ಸರ್ಪ್ರೈಸ್ಡ್ ಎಕ್ಸ್‌ಪ್ರೆಶನ್’ ಎಂದು ಇಂಗ್ಲಿಷಿನಲ್ಲಿ ಧಾರಾಳವಾಗಿ ಬರುತ್ತದೆ. ನೋಟ, ದನಿ ವಸ್ತುಗಳೇ ಆದರೂ ಅವು ಒಬ್ಬರ ಒಳಗಿನ ಭಾವವನ್ನು ಹೊರಗೆ ತೋರಿಸುತ್ತವೆ. ಚಿಂತೆ ಪಟ್ಟವರ ನೋಟ ಅದು, ಆದ್ದರಿಂದ ಇ-ಡಿ. ‘ಎ ಬೋರಿಂಗ್ ವಾಯ್ಸ್’ ಎಂದೂ ಹೇಳಬಹುದು, ಆದರೆ ಆಗ ಅರ್ಥ ಬೇರೆ. ಬೋರ್ಡ್ ವಾಯ್ಸ್ ಎಂದರೆ ಮಾತಾಡುವವನಿಗೇ ಬೇಸರ ಬಂದಿದೆ, ಬೋರಿಂಗ್ ವಾಯ್ಸ್ ಎಂದರೆ ಕೇಳುವವರಿಗೆ ಬೇಸರ ಬರುತ್ತಿದೆ. ಒಂದೇ ದನಿ ಎರಡೂ ಆಗಿರುವುದು ಉಂಟು ಬಿಡಿ.

ಖಾಲಿ ಜಾಗದ ಸುತ್ತಮುತ್ತ ಎರಡು ಮೂರು ಸುಳಿವುಗಳು ಸಿಗುತ್ತವೆ. ಜಾಗದ ನಂತರ ಬರುವ ಪದವನ್ನು ಮೊದಲು ನೋಡಿ. ‘ಶಿ ಈಸ್ ____ ಇನ್ ಮ್ಯೂಸಿಕ್’ ಎಂದಿದ್ದರೆ ಇಂಟರೆಸ್ಟೆಡ್ ಇನ್ ಜೋಡಿ. ಹಾಗೆಯೇ ಟೈರ್ಡ್ ಆಫ್, ಬೋರ್ಡ್ ವಿತ್, ಎಕ್ಸೈಟೆಡ್ ಅಬೌಟ್, ಸರ್ಪ್ರೈಸ್ಡ್ ಅಟ್. ಭಾವ ಪಟ್ಟವನು ಯಾವುದರ ಬಗ್ಗೆ ಪಟ್ಟ ಎಂದು ಹೇಳಲು ಈ ಚಿಕ್ಕ ಪದಗಳು ಬೇಕಾಗುತ್ತವೆ. ಆದರೆ ಇದನ್ನೇ ಕಣ್ಣುಮುಚ್ಚಿ ನಂಬಬೇಡಿ. ‘ದೇರ್ ಈಸ್ ಸಮ್‌ಥಿಂಗ್ ____ ಅಬೌಟ್ ದಿಸ್ ವಿಲೇಜ್’ ಎಂಬಲ್ಲಿ ಅಬೌಟ್ ಇದ್ದರೂ ಉತ್ತರ ಇಂಟರೆಸ್ಟಿಂಗ್, ಯಾಕೆಂದರೆ ಆಸಕ್ತಿ ಹುಟ್ಟಿಸುವುದು ಆ ‘ಸಮ್‌ಥಿಂಗ್’.

ಜಾಗದ ನಂತರ ನೇರವಾಗಿ ಒಬ್ಬ ವ್ಯಕ್ತಿಯೋ ಪ್ರಾಣಿಯೋ ಕರ್ಮವಾಗಿ ನಿಂತಿದ್ದರೆ ಅದು ಗುಣವಾಚಕದ ಪ್ರಶ್ನೆಯೇ ಅಲ್ಲ. ‘ದ ಬಾಯ್ಸ್ ವರ್ ____ ದ ಡಾಗ್’ ಎಂಬಲ್ಲಿ ಅನ್ನಾಯಿಂಗ್ ಬರುತ್ತದೆ, ಆದರೆ ಅದು ‘ಕೆರಳಿಸುತ್ತಿದ್ದರು’ ಎಂಬ ಕ್ರಿಯಾಪದ. ಇಲ್ಲಿ ಮಾತ್ರ ನಡೆಯುತ್ತಿರುವ ಕ್ರಿಯೆಯ ಲೆಕ್ಕ ಸಲ್ಲುತ್ತದೆ.

ಇನ್ನೊಂದು ಗುಂಡಿ ಇದೆ, ಪ್ರಶ್ನೆ ಪತ್ರಿಕೆ ತೆಗೆಯುವವರಿಗೆ ಬಲು ಪ್ರೀತಿಯದು. ‘ಐ ಫೌಂಡ್ ದ ಬುಕ್ ____’. ವಾಕ್ಯ ‘ಐ’ ಎಂದು ಶುರುವಾದ ಕೂಡಲೇ ಕೈ ಬೋರ್ಡ್ ಕಡೆ ಹೋಗುತ್ತದೆ. ಆದರೆ ‘ಫೈಂಡ್’ ನಂತರ ಬರುವ ಗುಣವಾಚಕ ಅಂಟಿಕೊಳ್ಳುವುದು ನಡುವೆ ನಿಂತ ಪುಸ್ತಕಕ್ಕೆ, ನನಗಲ್ಲ. ‘ಆ ಪುಸ್ತಕ ನನಗೆ ಬೇಸರ ಬರಿಸುವಂಥದ್ದು ಅನ್ನಿಸಿತು’ ಎಂಬ ಅರ್ಥ, ಆದ್ದರಿಂದ ಬೋರಿಂಗ್. ‘ಮೇಕ್’, ‘ಲೀವ್’, ‘ಕೀಪ್’ಗಳೂ ಇದೇ ಜಾತಿ. ‘ದ ಬುಕ್ ಲೆಫ್ಟ್ ಮಿ ____’ ಎಂದಿದ್ದರೆ ಅಂಟುವುದು ‘ಮಿ’ಗೆ, ಗೊಂದಲಗೊಂಡವನು ನಾನು, ಉತ್ತರ ಕನ್‌ಫ್ಯೂಸ್ಡ್. ವಾಕ್ಯದ ಮೊದಲ ಪದ ನೋಡಿ ತೀರ್ಮಾನಿಸುವವರು ಈ ಎರಡರಲ್ಲೂ ಸೋಲುತ್ತಾರೆ. ‘ಇಟ್ ಈಸ್ ____ ದಟ್ ಹಿ ಫೇಲ್ಡ್’ ಎಂಬ ಧಾಟಿಯಲ್ಲಿ ‘ಇಟ್’ ಎಂದರೆ ಅವನು ಫೇಲಾದ ಸಂಗತಿ. ಸಂಗತಿ ಅಚ್ಚರಿಪಡಿಸುತ್ತದೆ, ಸರ್ಪ್ರೈಸಿಂಗ್.

ಒಂದು ಪೂರ್ತಿ ಪರಿಚ್ಛೇದ ತೆಗೆದುಕೊಂಡು ಬಿಡಿಸಿ ನೋಡೋಣ. ಎಕ್ಸೈಟ್, ಟೈರ್, ಬೋರ್, ಇಂಟರೆಸ್ಟ್, ಪಜಲ್, ಅಮೇಜ್ ಈ ಆರು ಕ್ರಿಯಾಪದಗಳನ್ನು ಇದೇ ಕ್ರಮದಲ್ಲಿ ತುಂಬಬೇಕು ಎಂದುಕೊಳ್ಳಿ.

‘ಅವರ್ ಕ್ಲಾಸ್ ವೆಂಟ್ ಟು ಹಂಪಿ. ವಿ ವರ್ ಆಲ್ ____ ಅಬೌಟ್ ದ ಟ್ರಿಪ್. ದ ಬಸ್ ಜರ್ನಿ ವಾಸ್ ____, ಬಟ್ ನೋಬಡಿ ವಾಸ್ ____. ಅವರ್ ಗೈಡ್ ವಾಸ್ ಎ ವೆರಿ ____ ಓಲ್ಡ್ ಮ್ಯಾನ್, ಅಂಡ್ ವಿ ಲಿಸನ್ಡ್ ಟು ಹಿಮ್ ಫಾರ್ ಅವರ್ಸ್. ಹಿ ಸಾ ದ ____ ಲುಕ್ ಆನ್ ಮೈ ಫೇಸ್ ಅಂಡ್ ಎಕ್ಸ್‌ಪ್ಲೇನ್ಡ್ ಎವ್ರಿಥಿಂಗ್ ಅಗೇನ್. ಐ ಫೌಂಡ್ ದ ಸ್ಟೋನ್ ಚಾರಿಯಟ್ ____.’

ಮೊದಲನೆಯದರಲ್ಲಿ ಪ್ರವಾಸ ನಮ್ಮನ್ನು ಉತ್ಸಾಹಗೊಳಿಸಿತು, ಜಾಗ ವರ್ಣಿಸುವುದು ನಮ್ಮನ್ನು, ಮುಂದೆ ಅಬೌಟ್ ಕೂಡ ಇದೆ: ಎಕ್ಸೈಟೆಡ್. ಎರಡನೆಯದು ಪ್ರಯಾಣದ ಬಗ್ಗೆ, ಪ್ರಯಾಣ ದಣಿಸುತ್ತದೆ: ಟೈರಿಂಗ್. ಅದೇ ವಾಕ್ಯದ ಮುಂದಿನ ಜಾಗದಲ್ಲಿ ‘ನೋಬಡಿ’ ಇದೆ, ಯಾರಿಗೂ ಬೇಸರವಾಗಲಿಲ್ಲ: ಬೋರ್ಡ್. ಇಲ್ಲಿ ನಿಂತು ಒಂದು ಮಾತು. ವ್ಯಾಕರಣದ ದೃಷ್ಟಿಯಿಂದ ‘ನೋಬಡಿ ವಾಸ್ ಬೋರಿಂಗ್’ ಕೂಡ ತಪ್ಪಲ್ಲ, ಯಾರೂ ಕೊರೆಯಲಿಲ್ಲ ಎಂಬ ಅರ್ಥ ಬರುತ್ತದೆ. ಆದರೆ ‘ಪ್ರಯಾಣ ದಣಿಸಿತು, ಆದರೆ’ ಎಂಬ ಮೊದಲರ್ಧಕ್ಕೆ ಜೋಡಿಯಾಗುವುದು ಪ್ರಯಾಣಿಕರಿಗೆ ಏನನ್ನಿಸಿತು ಎಂಬ ಮಾತು. ಸಂದರ್ಭ ಬೋರ್ಡ್ ಕಡೆಗೇ ತೂಗುತ್ತದೆ.

ನಾಲ್ಕನೆಯದು ನಿಮ್ಮ ಟೆಸ್ಟಿನ ಭಾಷಣಕಾರನ ಅಣ್ಣ. ಗೈಡ್ ಮನುಷ್ಯ ನಿಜ, ಆದರೆ ಗಂಟೆಗಟ್ಟಲೆ ನಮ್ಮನ್ನು ಕೂರಿಸಿ ಕೇಳಿಸಿದವನು, ಆಸಕ್ತಿ ಹುಟ್ಟಿಸಿದವನು: ಇಂಟರೆಸ್ಟಿಂಗ್. ಐದನೆಯದರಲ್ಲಿ ನೋಟ ಇದೆ. ಅರ್ಥವಾಗದೆ ಕಕ್ಕಾಬಿಕ್ಕಿಯಾದದ್ದು ನಾನು, ನನ್ನ ಮುಖ ಅದನ್ನು ತೋರಿಸುತ್ತಿದೆ: ಪಜಲ್ಡ್. ಅವನು ಮತ್ತೆ ವಿವರಿಸಿದ ಎನ್ನುವುದೇ ಅದಕ್ಕೆ ಸಾಕ್ಷಿ. ಕೊನೆಯದು ‘ಫೌಂಡ್’ ಗುಂಡಿ. ವಿಠ್ಠಲ ದೇವಸ್ಥಾನದ ಕಲ್ಲಿನ ರಥಕ್ಕೆ ಬೆರಗಾಗುವುದು ಗೊತ್ತಿಲ್ಲ, ನೋಡಿದವರನ್ನು ಬೆರಗುಗೊಳಿಸುವುದು ಗೊತ್ತು: ಅಮೇಜಿಂಗ್.

ಎರಡು ರೂಪಗಳೂ ವ್ಯಾಕರಣಕ್ಕೆ ಒಗ್ಗುವಾಗ ಪಕ್ಕದ ವಾಕ್ಯ ಓದದೆ ಉತ್ತರ ಬರೆಯಬಾರದು. ‘ದ ಟೀಚರ್ ವಾಸ್ ____’ ಎಂದಷ್ಟೇ ಇದ್ದರೆ ಯಾರೂ ಉತ್ತರ ಹೇಳಲಾರರು. ‘ಹಿ ಕೆಪ್ಟ್ ಲುಕಿಂಗ್ ಅಟ್ ಹಿಸ್ ವಾಚ್’ ಎಂದು ಮುಂದುವರಿದರೆ ಬೇಸರ ಅವನದು, ಬೋರ್ಡ್. ‘ದ ಚಿಲ್ಡ್ರನ್ ಕೆಪ್ಟ್ ಲುಕಿಂಗ್ ಅಟ್ ದ ಕ್ಲಾಕ್’ ಎಂದರೆ ಬೇಸರ ಮಕ್ಕಳದು, ಅವನು ಬೋರಿಂಗ್. ಗಡಿಯಾರ ನೋಡುತ್ತಿರುವವರು ಯಾರು ಎಂಬುದೇ ಇಲ್ಲಿ ಪ್ರಶ್ನೆ. ಸುಳಿವೇ ಇಲ್ಲದೆ ಎರಡೂ ಆಯ್ಕೆಗಳನ್ನು ಕೊಟ್ಟಿದ್ದರೆ ಆ ಪ್ರಶ್ನೆ ತೆಗೆದವರೇ ಸರಿಯಾಗಿ ತೆಗೆದಿಲ್ಲ. ಅಂಥದರ ಮೇಲೆ ಸಮಯ ಕಳೆಯದೆ ಮುಂದಕ್ಕೆ ಹೋಗಿ.

ಕೊನೆಗೆ, ಐ-ಎನ್-ಜಿ ಜಾಗದಲ್ಲಿ ಬೇರೆಯದೇ ಪದ ಬಂದು ಕೂರುವ ಕೆಲವು ಕ್ರಿಯಾಪದಗಳಿವೆ. ‘ಸ್ಕೇರ್’ನಿಂದ ಹೆದರಿದವನು ಸ್ಕೇರ್ಡ್, ಆದರೆ ಹೆದರಿಸುವ ಸಿನಿಮಾ ಸಾಮಾನ್ಯವಾಗಿ ಸ್ಕೇರಿ, ಸ್ಕೇರಿಂಗ್ ಅಲ್ಲ. ‘ಇಂಪ್ರೆಸ್’ನಿಂದ ಮೆಚ್ಚಿದವನು ಇಂಪ್ರೆಸ್ಡ್, ಮೆಚ್ಚಿಸಿದ ಕೆಲಸ ಇಂಪ್ರೆಸಿವ್. ‘ಡಿಲೈಟ್’ಗೆ ಡಿಲೈಟೆಡ್ ಮತ್ತು ಡಿಲೈಟ್‌ಫುಲ್, ‘ಸ್ಟ್ರೆಸ್’ಗೆ ಸ್ಟ್ರೆಸ್ಡ್ ಮತ್ತು ಸ್ಟ್ರೆಸ್‌ಫುಲ್. ‘ಎಂಜಾಯ್’ ಈ ಗುಂಪಿಗೇ ಸೇರಿದ್ದಲ್ಲ. ಅದರಲ್ಲಿ ಇಸು ಅಡಗಿಲ್ಲ, ಕರ್ತೃವಿನ ಜಾಗದಲ್ಲಿ ನಿಲ್ಲುವವನೇ ಆನಂದ ಪಡುವವನು. ಅದಕ್ಕೇ ‘ದ ಟ್ರಿಪ್ ವಾಸ್ ಎಂಜಾಯಿಂಗ್’ ಎಂದು ನಮ್ಮವರು ಬರೆಯುವುದು ತಪ್ಪು, ಅಲ್ಲಿ ಎಂಜಾಯಬಲ್ ಬರಬೇಕು. ಆಯ್ಕೆಗಳಲ್ಲಿ ಸ್ಕೇರ್ಡ್, ಸ್ಕೇರಿಂಗ್, ಸ್ಕೇರಿ ಮೂರೂ ಇದ್ದು ಪ್ರಶ್ನೆ ‘ಇಟ್ ವಾಸ್ ಎ ____ ಫಿಲ್ಮ್’ ಎಂದಾದರೆ, ಕೊಡುವವರು ಪಡೆಯುವವರ ಲೆಕ್ಕದಿಂದ ಸ್ಕೇರ್ಡ್ ಬಿದ್ದುಹೋಗುತ್ತದೆ; ಉಳಿದ ಎರಡರಲ್ಲಿ ಸ್ಕೇರಿಗೆ ಗುರುತು ಹಾಕಿ.